ಹಳೆಯ ಪಿಎಸ್4 ಮಾರುವ ಮುನ್ನ: ಸೈನ್ ಔಟ್, ಡಿಆಕ್ಟಿವೇಟ್, ಪೂರ್ಣ ಅಳಿಸುವಿಕೆ, ಇವುಗಳಲ್ಲಿ ಯಾವುದು ಮೊದಲು?

ರಾಘವೇಂದ್ರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2018ರಲ್ಲಿ ಕೊಂಡ 500 ಜಿಬಿಯ ಪಿಎಸ್4 ಸ್ಲಿಮ್ ಇದೆ. ಅದನ್ನು ಮಾರಿ, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಪಿಎಸ್5 ಕೊಳ್ಳಬೇಕೆಂದಿದ್ದೇವೆ. ಕೊಳ್ಳುವವರು ಮುಂದಿನ ಭಾನುವಾರ ಮನೆಗೇ ಬಂದು ನೋಡಿ ತೆಗೆದುಕೊಂಡು ಹೋಗುತ್ತಾರೆ.

ಕನ್ಸೋಲ್‌ನಲ್ಲಿ ಮೂರು ಯೂಸರ್‌ಗಳಿದ್ದಾರೆ. ಒಂದು ನನ್ನದು, ಪಿಎಸ್‌ಎನ್ ಖಾತೆಯೊಂದಿಗೆ. ಸ್ಟೋರ್‌ನಲ್ಲಿ ಹಣ ಕೊಟ್ಟು ಕೊಂಡ ಆಟಗಳೆಲ್ಲ ಅದರಲ್ಲಿಯೇ ಇವೆ, ಕಾರ್ಡಿನ ವಿವರವೂ ಇದೆ. ಎರಡನೆಯದು ಮಗನದು, ನನ್ನ ಖಾತೆಯ ಕೆಳಗೆ ಮಾಡಿದ ಮಕ್ಕಳ ಖಾತೆ. ಮೂರನೆಯದು ನನ್ನ ಭಾವಮೈದುನನದು. ಅವನು ಪಿಎಸ್‌ಎನ್ ಖಾತೆಯನ್ನೇ ಮಾಡಿಕೊಳ್ಳದೆ ಕೇವಲ ಹೆಸರು ಹಾಕಿಕೊಂಡು ವರ್ಷಗಟ್ಟಲೆ ಕ್ರಿಕೆಟ್ ಆಡಿದ್ದಾನೆ, ಅವನ ಕೆರಿಯರ್ ಅಳಿಸಿಹೋದರೆ ಮನೆಯಲ್ಲಿ ನನಗೆ ಉಳಿಗಾಲವಿಲ್ಲ. ಪಿಎಸ್ ಪ್ಲಸ್ ಚಂದಾ ಮುಗಿದುಹೋಗಿದೆ, ಸದ್ಯಕ್ಕೆ ನವೀಕರಿಸುವ ಯೋಚನೆಯಿಲ್ಲ.

ಸೈನ್ ಔಟ್ ಮಾಡುವುದು, ಡಿಆಕ್ಟಿವೇಟ್ ಮಾಡುವುದು ಮತ್ತು ಎಲ್ಲವನ್ನೂ ಅಳಿಸುವುದು ಎಂದು ಮೂರು ಮಾತು ಕೇಳುತ್ತಿದ್ದೇನೆ. ಇವು ಮೂರೂ ಬೇಕೇ? ಬೇಕಾದರೆ ಯಾವ ಕ್ರಮದಲ್ಲಿ ಮಾಡಬೇಕು?

ಅಭಿಷೇಕ್ ಎಂ.

ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ ಸಾರ್. `Settings` ಒಳಗೆ ಕೊನೆಯ ಭಾಗದಲ್ಲಿ `Initialization` ಇದೆ, ಅದರೊಳಗೆ `Initialize PS4`. ಅದನ್ನು ಒತ್ತಿದರೆ ಯೂಸರ್‌ಗಳು, ಪಾಸ್‌ವರ್ಡ್, ಆಟಗಳು, ಸೇವ್, ಸ್ಕ್ರೀನ್‌ಶಾಟ್ ಎಲ್ಲವೂ ಹೋಗುತ್ತವೆ. ಯೂಸರ್‌ಗಳೇ ಇಲ್ಲದ ಮೇಲೆ ಸೈನ್ ಔಟ್ ಮಾಡುವುದು ಯಾರನ್ನು? ನಾನು ನನ್ನ ಹಳೆಯದನ್ನು ಹೀಗೆಯೇ ಕೊಟ್ಟೆ, ಯಾವ ತೊಂದರೆಯೂ ಆಗಲಿಲ್ಲ.

ಗಿರೀಶ್ ರಿಪೇರಿ

ಅಭಿಷೇಕ್ ಅವರ ಮಾತು ಹಾರ್ಡ್ ಡಿಸ್ಕಿನ ಮಟ್ಟಿಗೆ ಸರಿ, ಖಾತೆಯ ಮಟ್ಟಿಗೆ ಸರಿಯಲ್ಲ. ಹಳೆಯ ಕನ್ಸೋಲ್‌ಗಳನ್ನು ಕೊಂಡು, ಸರಿಪಡಿಸಿ, ಮಾರುವುದೇ ನನ್ನ ಕಸುಬಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಪಿಎಸ್4ಗೆ ಸಂಬಂಧಿಸಿದ ಮಾಹಿತಿ ಎರಡು ಕಡೆ ಇದೆ. ಒಂದು, ಕನ್ಸೋಲ್‌ನ ಒಳಗಿರುವ ಡಿಸ್ಕಿನಲ್ಲಿ. ಇನ್ನೊಂದು, ಸೋನಿಯ ಸರ್ವರ್‌ನಲ್ಲಿ. ‘ಈ ಖಾತೆಯ ಪ್ರೈಮರಿ ಪಿಎಸ್4 ಇಂಥ ಯಂತ್ರ’ ಎಂಬ ದಾಖಲೆ ಸರ್ವರ್‌ನಲ್ಲಿರುತ್ತದೆ. ಒಂದು ಖಾತೆಗೆ ಒಂದು ಕಾಲಕ್ಕೆ ಒಂದೇ ಪಿಎಸ್4 ಪ್ರೈಮರಿಯಾಗಿರಲು ಸಾಧ್ಯ. ಪ್ರೈಮರಿಯಾದ ಯಂತ್ರದಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ನೀವು ಕೊಂಡ ಆಟಗಳು ನಡೆಯುತ್ತವೆ, ಅದೇ ಯಂತ್ರದ ಇತರ ಯೂಸರ್‌ಗಳೂ ಆ ಆಟಗಳನ್ನು ಆಡಬಹುದು, ನಿಮ್ಮ ಪಿಎಸ್ ಪ್ಲಸ್ ಚಾಲ್ತಿಯಲ್ಲಿದ್ದರೆ ಅದರ ಆನ್‌ಲೈನ್ ಆಟದ ಸೌಲಭ್ಯವೂ ಅವರಿಗೆ ಸಿಗುತ್ತದೆ. ನಿಮ್ಮ ಮಗ ನಿಮ್ಮ ಆಟಗಳನ್ನು ತನ್ನ ಯೂಸರ್‌ನಲ್ಲಿ ಆಡುತ್ತಿದ್ದರೆ ಅದಕ್ಕೆ ಕಾರಣ ಇದೇ.

ಈಗ ಡಿಸ್ಕನ್ನು ಅಳಿಸಿದಿರಿ ಎಂದುಕೊಳ್ಳಿ. ಯಂತ್ರದಲ್ಲಿ ನಿಮ್ಮ ಗುರುತು ಉಳಿಯಲಿಲ್ಲ, ಆದರೆ ಸರ್ವರ್‌ನ ದಾಖಲೆಯಲ್ಲಿ ಆ ಯಂತ್ರವೇ ನಿಮ್ಮ ಪ್ರೈಮರಿಯಾಗಿ ಉಳಿದುಬಿಡಬಹುದು. ಅದನ್ನು ಬಿಡಿಸಬೇಕಾದಾಗ ಯಂತ್ರ ಬೇರೆಯವರ ಮನೆಯಲ್ಲಿರುತ್ತದೆ. ಆದ್ದರಿಂದಲೇ ಕ್ರಮ ಮುಖ್ಯ: ಬೇಕಾದುದನ್ನು ಮೊದಲು ಹೊರಗೆ ತೆಗೆದುಕೊಳ್ಳಿ, ನಂತರ ಡಿಆಕ್ಟಿವೇಟ್ ಮಾಡಿ, ಬಳಿಕ ಸೈನ್ ಔಟ್, ಕೊನೆಗೆ ಅಳಿಸುವುದು. ಡಿಆಕ್ಟಿವೇಟ್ ಮಾಡಲು ಯಂತ್ರ ಇಂಟರ್ನೆಟ್‌ಗೆ ಸೇರಿರಬೇಕು ಮತ್ತು ನೀವು ನಿಮ್ಮ ಖಾತೆಯಲ್ಲಿ ಸೈನ್ ಇನ್ ಆಗಿರಬೇಕು. ಸೈನ್ ಔಟ್ ಅದಕ್ಕಿಂತ ಮೊದಲು ಮಾಡಿದರೆ ಮತ್ತೆ ಒಳಗೆ ಹೋಗಬೇಕಾಗುತ್ತದೆ, ಅಷ್ಟೇ. ಆದರೆ ಅಳಿಸುವುದನ್ನು ಮೊದಲು ಮಾಡಿದರೆ ಇಡೀ ಸೆಟಪ್ ಮುಗಿಸಿ, ಖಾತೆ ಹಾಕಿ, ಡಿಆಕ್ಟಿವೇಟ್ ಮಾಡಿ, ಇನ್ನೊಮ್ಮೆ ಅಳಿಸಬೇಕಾಗುತ್ತದೆ.

ರಾಘವೇಂದ್ರ, ಮೈಸೂರು

ಧನ್ಯವಾದಗಳು ಗಿರೀಶ್ ಅವರೇ. ಹಾಗಾದರೆ ಮೊದಲು ಸೇವ್‌ಗಳ ವಿಚಾರ ತಿಳಿಸಿ. ಪಿಎಸ್5 ಇನ್ನೂ ಬಂದಿಲ್ಲ, ಎರಡೂ ಯಂತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ವರ್ಗಾಯಿಸುವ ಅವಕಾಶ ನಮಗಿಲ್ಲ.

ಗಿರೀಶ್ ರಿಪೇರಿ

ಎರಡೂ ಒಟ್ಟಿಗಿದ್ದಿದ್ದರೆ ಒಂದೇ ನೆಟ್‌ವರ್ಕ್‌ಗೆ ಸೇರಿಸಿ ಪಿಎಸ್5ನ `Data Transfer` ಮೂಲಕ ಎಳೆದುಕೊಳ್ಳಬಹುದಿತ್ತು. ಕ್ಲೌಡ್‌ಗೆ ಏರಿಸಲು ಪಿಎಸ್ ಪ್ಲಸ್ ಬೇಕು, ಅದು ನಿಮ್ಮಲ್ಲಿಲ್ಲ. ಉಳಿದದ್ದು ಪೆನ್ ಡ್ರೈವ್.

ಪೆನ್ ಡ್ರೈವ್ FAT32 ಅಥವಾ exFAT ಆಗಿರಬೇಕು. ಕಂಪ್ಯೂಟರಿನಲ್ಲಿ NTFS ಮಾಡಿಟ್ಟುಕೊಂಡದ್ದನ್ನು ಪಿಎಸ್4 ಓದುವುದಿಲ್ಲ. ‘ಪೆನ್ ಡ್ರೈವ್ ಹಾಕಿದರೂ ತೋರಿಸುತ್ತಿಲ್ಲ’ ಎನ್ನುವವರಲ್ಲಿ ಹೆಚ್ಚಿನವರ ತೊಂದರೆ ಅದೇ. ನಂತರ `Settings`, `Application Saved Data Management`, `Saved Data in System Storage`, `Copy to USB Storage Device` ಎಂದು ಹೋಗಿ ಆಟಗಳನ್ನು ಆರಿಸಿ ಕಾಪಿ ಮಾಡಿ. ಇಲ್ಲಿ ಒಂದು ವಿಷಯವನ್ನು ಮರೆಯಬೇಡಿ: ಈ ಪಟ್ಟಿಯಲ್ಲಿ ಕಾಣುವುದು ಆಗ ಒಳಗಿರುವ ಯೂಸರ್‌ನ ಸೇವ್‌ಗಳು ಮಾತ್ರ. ನಿಮ್ಮದನ್ನು ಮುಗಿಸಿದ ಮೇಲೆ ಮಗನ ಯೂಸರ್‌ಗೆ ಹೋಗಿ ಇದನ್ನೇ ಮತ್ತೊಮ್ಮೆ ಮಾಡಬೇಕು.

ನಿಮ್ಮ ಭಾವಮೈದುನನ ಸೇವ್‌ನದೇ ಕಷ್ಟ. ಪಿಎಸ್‌ಎನ್ ಖಾತೆಯಿಲ್ಲದ ಯೂಸರ್‌ನ ಸೇವ್ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ಹಾಗೆಯೇ ಕಾಪಿ ಮಾಡಿಟ್ಟರೆ ಪೆನ್ ಡ್ರೈವ್‌ನಲ್ಲಿ ಫೈಲ್ ಇರುತ್ತದೆ, ಆದರೆ ಬೇರೆ ಯಂತ್ರ ಅದನ್ನು ಸ್ವೀಕರಿಸುವುದಿಲ್ಲ. ಆದ್ದರಿಂದ ಮೊದಲು ಅವನಿಗೊಂದು ಪಿಎಸ್‌ಎನ್ ಖಾತೆ ಮಾಡಿ, ಹೊಸ ಯೂಸರ್‌ನಲ್ಲಿ ಅಲ್ಲ, ಅವನ ಅದೇ ಹಳೆಯ ಯೂಸರ್‌ನಲ್ಲಿ ಸೈನ್ ಇನ್ ಮಾಡಿಸಿ. ಆಮೇಲೆ ಆಟವನ್ನು ಒಮ್ಮೆ ತೆರೆದು, ಕೆರಿಯರ್ ಕಾಣುತ್ತಿದೆಯೇ ನೋಡಿ, ಅಲ್ಲಿ ಹೊಸದಾಗಿ ಒಮ್ಮೆ ಸೇವ್ ಮಾಡಿ, ಬಳಿಕ ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ. ಪಿಎಸ್5 ಬಂದ ಮೇಲೆ ಅವನು ಅದೇ ಖಾತೆಯಿಂದಲೇ ಒಳಗೆ ಬಂದು `Saved Data (PS4)` ಭಾಗದಿಂದ ಪೆನ್ ಡ್ರೈವ್‌ನ ಸೇವ್ ಎಳೆದುಕೊಳ್ಳಬೇಕು.

ಟ್ರೋಫಿಗಳು ಈ ಕಾಪಿಯಲ್ಲಿ ಬರುವುದಿಲ್ಲ. `Trophies` ತೆರೆದು, ಕಂಟ್ರೋಲರ್‌ನ OPTIONS ಗುಂಡಿ ಒತ್ತಿ, ಪಿಎಸ್‌ಎನ್‌ನೊಂದಿಗೆ ಸಿಂಕ್ ಮಾಡಿದರೆ ಸಾಕು. ಸ್ಕ್ರೀನ್‌ಶಾಟ್ ಮತ್ತು ವಿಡಿಯೊಗಳನ್ನು `Capture Gallery`ಯಿಂದ ಬೇರೆಯಾಗಿ ಕಾಪಿ ಮಾಡಬೇಕು.

ಸುಮಾ ಭಟ್, ನ್ಯೂಜೆರ್ಸಿ

ಇದೇ ಪ್ರಶ್ನೆ ನನ್ನದೂ ಇತ್ತು. ನಮ್ಮದು ನಿಂಟೆಂಡೊ ಸ್ವಿಚ್. ಮಗಳು ಅನಿಮಲ್ ಕ್ರಾಸಿಂಗ್ ಆಟದಲ್ಲಿ ಕಟ್ಟಿದ ದ್ವೀಪ ಎಸ್‌ಡಿ ಕಾರ್ಡಿನಲ್ಲಿದೆ ಎಂದುಕೊಂಡು, ಕಾರ್ಡನ್ನು ತೆಗೆದಿಟ್ಟುಕೊಂಡು ಕನ್ಸೋಲ್ ಅಳಿಸಿ ಮಾರಬೇಕೆಂದಿದ್ದೇನೆ. ಅದು ಸರಿಯೇ?

ಗಿರೀಶ್ ರಿಪೇರಿ

ದಯವಿಟ್ಟು ಹಾಗೆ ಮಾಡಬೇಡಿ ಸುಮಾ ಅವರೇ. ಸ್ವಿಚ್‌ನಲ್ಲಿ ಸೇವ್‌ಗಳು ಎಂದೂ ಮೈಕ್ರೊ ಎಸ್‌ಡಿ ಕಾರ್ಡಿಗೆ ಹೋಗುವುದಿಲ್ಲ. ಕಾರ್ಡಿನಲ್ಲಿರುವುದು ಡೌನ್‌ಲೋಡ್ ಮಾಡಿದ ಆಟ ಮತ್ತು ಚಿತ್ರಗಳು. ಸೇವ್ ಇರುವುದು ಕನ್ಸೋಲ್‌ನ ಒಳಗಿನ ಮೆಮೊರಿಯಲ್ಲಿ, ಅಳಿಸಿದರೆ ದ್ವೀಪವೂ ಹೋಗುತ್ತದೆ. ಆ ದ್ವೀಪವನ್ನು ಸಾಗಿಸಲು ನಿಂಟೆಂಡೊ `Island Transfer Tool` ಎಂಬ ಪ್ರತ್ಯೇಕ ಉಚಿತ ಆ್ಯಪ್ ಕೊಟ್ಟಿದೆ, ಅದು ಹಳೆಯ ಮತ್ತು ಹೊಸ ಎರಡೂ ಸ್ವಿಚ್‌ಗಳಲ್ಲಿ ಇರಬೇಕು. ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಮಾರಬೇಡಿ.

ಸುಮಾ ಭಟ್, ನ್ಯೂಜೆರ್ಸಿ

ಅಯ್ಯೋ, ಒಳ್ಳೆಯದಾಯಿತು ಕೇಳಿದ್ದು. ಮಾರಾಟದ ಜಾಹೀರಾತನ್ನು ಸದ್ಯಕ್ಕೆ ತೆಗೆಯುತ್ತೇನೆ.

ಮಹೇಶ, ಹುಬ್ಬಳ್ಳಿ

ನಾನು ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಪಿಎಸ್4 ಕೊಂಡಿದ್ದೇನೆ. ಆನ್ ಮಾಡಿದರೆ ಯಾರದೋ ಹೆಸರು ಬರುತ್ತದೆ, ಒತ್ತಿದರೆ ಪಾಸ್‌ಕೋಡ್ ಕೇಳುತ್ತದೆ. ಮಾರಿದವರು ಫೋನ್ ಎತ್ತುತ್ತಿಲ್ಲ. ಇದರ ಪಾಸ್‌ವರ್ಡ್ ತೆಗೆಯುವುದು ಹೇಗೆಂದು ಯಾರಾದರೂ ತಿಳಿಸುವಿರಾ?

ಅಭಿಷೇಕ್ ಎಂ.

ಮಹೇಶ್ ಅವರೇ, ಇಲ್ಲಿ ನಡೆಯುತ್ತಿರುವ ಚರ್ಚೆ ಮಾರುವವರದು, ಕೊಂಡವರದಲ್ಲ.

ಗಿರೀಶ್ ರಿಪೇರಿ

ಇರಲಿ ಬಿಡಿ, ಉತ್ತರ ಇಬ್ಬರಿಗೂ ಬೇಕಾದುದೇ. ಮಹೇಶ್ ಅವರೇ, ಆ ಪಾಸ್‌ಕೋಡ್ ಕಂಡುಹಿಡಿಯುವ ಅಗತ್ಯವೂ ಇಲ್ಲ, ಬೇರೆಯವರ ಖಾತೆಯೊಳಗೆ ಹೋಗುವುದು ಸರಿಯೂ ಅಲ್ಲ. ಯಂತ್ರವನ್ನು ಪೂರ್ತಿ ಆಫ್ ಮಾಡಿ. ರೆಸ್ಟ್ ಮೋಡ್‌ನಲ್ಲಿದ್ದರೆ ಇದು ನಡೆಯುವುದಿಲ್ಲ. ಪವರ್ ಗುಂಡಿಯನ್ನು ಒತ್ತಿ ಹಿಡಿಯಿರಿ. ಒತ್ತಿದ ಕೂಡಲೇ ಒಂದು ಬೀಪ್ ಬರುತ್ತದೆ, ಸುಮಾರು 7 ಸೆಕೆಂಡಿನ ನಂತರ ಎರಡನೆಯ ಬೀಪ್ ಬರುತ್ತದೆ, ಆಗ ಬೆರಳು ತೆಗೆಯಿರಿ. ಕಂಟ್ರೋಲರನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಪಿಎಸ್ ಗುಂಡಿ ಒತ್ತಿದರೆ ಸೇಫ್ ಮೋಡ್ ಪಟ್ಟಿ ಕಾಣುತ್ತದೆ. ಅದರಲ್ಲಿ 6ನೆಯದು `Initialize PS4`. ಅದು ಹಳೆಯ ಯೂಸರ್‌ಗಳನ್ನೂ ಅವರ ಪಾಸ್‌ಕೋಡನ್ನೂ ಅಳಿಸಿಹಾಕುತ್ತದೆ. ಕಂಟ್ರೋಲರ್ ಸ್ಪಂದಿಸದಿದ್ದರೆ ಕೇಬಲ್ ಬದಲಿಸಿ ನೋಡಿ. ಕೆಲವು ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ, ಡೇಟಾ ಸಾಗಿಸುವುದಿಲ್ಲ.

7ನೆಯ ಸಾಲನ್ನು ಮಾತ್ರ ಕುತೂಹಲಕ್ಕಾಗಿ ಒತ್ತಬೇಡಿ. ಅದು ಸಿಸ್ಟಮ್ ಸಾಫ್ಟ್‌ವೇರನ್ನೂ ತೆಗೆದು ಹೊಸದಾಗಿ ಹಾಕುತ್ತದೆ, ಪೆನ್ ಡ್ರೈವ್‌ನಲ್ಲಿ ಫೈಲ್ ಸಿದ್ಧವಿಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಮಹೇಶ, ಹುಬ್ಬಳ್ಳಿ

ಕೇಬಲ್ ಬದಲಿಸಿದ ಮೇಲೆ ಕೆಲಸ ಮಾಡಿತು, ಈಗ ಹೊಸದರಂತೆ ಭಾಷೆ ಕೇಳುತ್ತಿದೆ. ಹಳೆಯ ಮಾಲೀಕರು ಡಿಆಕ್ಟಿವೇಟ್ ಮಾಡದೇ ಇದ್ದರೆ ನನಗೇನಾದರೂ ತೊಂದರೆಯಾಗುತ್ತದೆಯೇ? ಅಥವಾ ಲಾಭವಾಗುತ್ತದೆಯೇ?

ಗಿರೀಶ್ ರಿಪೇರಿ

ತೊಂದರೆಯಿಲ್ಲ. ನಿಮ್ಮ ಖಾತೆ ಹಾಕಿ, ನಿಮ್ಮ ಪ್ರೈಮರಿ ಎಂದು ಆಕ್ಟಿವೇಟ್ ಮಾಡಿಕೊಳ್ಳಬಹುದು. ಒಂದೇ ಯಂತ್ರ ಒಂದಕ್ಕಿಂತ ಹೆಚ್ಚು ಖಾತೆಗಳಿಗೆ ಪ್ರೈಮರಿಯಾಗಿರಲು ಅಡ್ಡಿಯಿಲ್ಲ. ಹೆಚ್ಚಿನ ತಲೆನೋವು ಅವರದು. ಅವರು ಬೇರೊಂದು ಪಿಎಸ್4 ತೆಗೆದುಕೊಂಡರೆ ತಮ್ಮ ಪ್ರೈಮರಿ ಎಲ್ಲೋ ಹುಬ್ಬಳ್ಳಿಯಲ್ಲಿದೆ ಎಂಬುದು ಆಗ ಅವರಿಗೆ ತಿಳಿಯುತ್ತದೆ.

ಅಭಿಷೇಕ್ ಎಂ.

ಇಲ್ಲಿಯೇ ನನಗೊಂದು ತಕರಾರಿದೆ. ರಾಘವೇಂದ್ರ ಅವರು ಹೋಗುತ್ತಿರುವುದು ಪಿಎಸ್5ಗೆ. ಪಿಎಸ್5ನಲ್ಲಿ ಪ್ರೈಮರಿ ಎಂಬುದೇ ಇಲ್ಲ, ಅದರ ಜಾಗದಲ್ಲಿ `Console Sharing and Offline Play` ಇದೆ, ಅದರ ಲೆಕ್ಕವೂ ಪಿಎಸ್4ನ ಲೆಕ್ಕಕ್ಕಿಂತ ಬೇರೆ. ಒಂದು ಪಿಎಸ್4 ಮತ್ತು ಒಂದು ಪಿಎಸ್5 ಎರಡನ್ನೂ ಒಂದೇ ಖಾತೆಗೆ ಇಟ್ಟುಕೊಳ್ಳಬಹುದು. ಹೀಗಿರುವಾಗ ಹಳೆಯ ಯಂತ್ರ ಡಿಆಕ್ಟಿವೇಟ್ ಆಗದಿದ್ದರೆ ಅವರಿಗೇನು ನಷ್ಟ? ಆಗದೇ ಹೋದರೂ ವೆಬ್‌ಸೈಟಿನಿಂದ ಮಾಡಬಹುದಲ್ಲ?

ಗಿರೀಶ್ ರಿಪೇರಿ

ಎರಡು ಲೆಕ್ಕ ಬೇರೆ ಬೇರೆ ಎಂಬುದು ಸರಿಯಾದ ಮಾತು, ನಾನೇ ಹೇಳಬೇಕಿತ್ತು. ವೆಬ್‌ಸೈಟಿನ ಮಾತೂ ಸರಿ, ಆದರೆ ಅದಕ್ಕೊಂದು ಮಿತಿಯಿದೆ: ಅಲ್ಲಿಂದ ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಬಿಡಿಸುವ ಅವಕಾಶ 6 ತಿಂಗಳಿಗೆ ಒಮ್ಮೆ ಮಾತ್ರ. ಯಂತ್ರ ಕೆಟ್ಟುಹೋದಾಗ ಅಥವಾ ಕಳುವಾದಾಗ ಇರಲೆಂದು ಕೊಟ್ಟಿರುವ ದಾರಿ ಅದು. ಯಂತ್ರ ಎದುರಿಗೇ ಇದ್ದು, ಎರಡು ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಆ ಅವಕಾಶವನ್ನು ಏಕೆ ಖರ್ಚು ಮಾಡಬೇಕು?

ಇನ್ನು ನಷ್ಟದ ವಿಚಾರ. ಪೂರ್ತಿ ಅಳಿಸಿದ ಮೇಲೆ ಕೊಂಡವರಿಗೆ ನಿಮ್ಮ ಆಟಗಳು ತಾನಾಗಿ ಸಿಕ್ಕಿಬಿಡುತ್ತವೆ ಎಂದು ನಾನು ಹೇಳುವುದಿಲ್ಲ, ನಿಮ್ಮ ಖಾತೆಯೇ ಅಲ್ಲಿ ಇರುವುದಿಲ್ಲವಲ್ಲ. ಆದರೆ ನಿಮ್ಮ ಖಾತೆಯ ದಾಖಲೆಯಲ್ಲಿ ಅಪರಿಚಿತರ ಮನೆಯ ಯಂತ್ರವೊಂದು ಉಳಿಯುವುದನ್ನು ನಾನಂತೂ ಒಪ್ಪುವುದಿಲ್ಲ.

ಅಭಿಷೇಕ್ ಎಂ.

ಅದು ಮನಸ್ಸಿನ ಸಮಾಧಾನದ ಮಾತಾಯಿತು. ಇರಲಿ, ಮಾಡಿದರೆ ಕೆಡುಕೇನಿಲ್ಲ.

ರಾಘವೇಂದ್ರ, ಮೈಸೂರು

ಇವತ್ತು ಕೂತು ಮಾಡಿದೆ, ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ಭಾವಮೈದುನನಿಗೆ ಖಾತೆ ಮಾಡಿಸಿ ಅವನ ಹಳೆಯ ಯೂಸರ್‌ಗೆ ಜೋಡಿಸಿದೆವು, ಕೆರಿಯರ್ ಹಾಗೆಯೇ ಕಂಡಿತು. ಮೂವರ ಸೇವ್‌ಗಳೂ ಪೆನ್ ಡ್ರೈವ್‌ನಲ್ಲಿವೆ. ನಂತರ ನನ್ನ ಯೂಸರ್‌ನಲ್ಲಿ `Settings`, `Account Management`, `Activate as Your Primary PS4` ಒಳಗೆ ಹೋಗಿ `Deactivate` ಒತ್ತಿದೆ. ಆದರೆ ಪರದೆಯಲ್ಲಿ ಅಂಥ ದೊಡ್ಡ ಬದಲಾವಣೆಯೇನೂ ಕಾಣಲಿಲ್ಲ, ನನ್ನ ಆಟಗಳು ನನಗೆ ಇನ್ನೂ ತೆರೆದುಕೊಳ್ಳುತ್ತಿವೆ. ನಿಜವಾಗಿಯೂ ಡಿಆಕ್ಟಿವೇಟ್ ಆಗಿದೆಯೇ?

ಗಿರೀಶ್ ರಿಪೇರಿ

ನಿಮಗೆ ತೆರೆದುಕೊಳ್ಳುವುದು ಸಹಜ, ನೀವು ಸೈನ್ ಇನ್ ಆಗಿದ್ದೀರಿ, ಇಂಟರ್ನೆಟ್ ಇದೆ, ಆಟದ ಹಕ್ಕು ನಿಮ್ಮದೇ. ನೋಡಬೇಕಾದದ್ದು ಮಗನ ಯೂಸರ್‌ನಲ್ಲಿ. ಅಲ್ಲಿಗೆ ಹೋಗಿ, ನೀವು ಸ್ಟೋರ್‌ನಲ್ಲಿ ಕೊಂಡ ಆಟದ ಚಿತ್ರದ ಮೇಲೆ ಬೀಗದ ಗುರುತು ಬಂದಿದೆಯೇ ನೋಡಿ. ಬಂದಿದ್ದರೆ ಡಿಆಕ್ಟಿವೇಟ್ ಆಗಿದೆ ಎಂದೇ ಅರ್ಥ. ಡಿಸ್ಕಿನ ಆಟಗಳಿಗೆ ಬೀಗ ಬರುವುದಿಲ್ಲ, ಅವನ್ನು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಅದೇ ಮೆನುವಿಗೆ ಮತ್ತೆ ಹೋದರೆ `Activate` ಒತ್ತಲು ಬರುವಂತಿರುತ್ತದೆ, ಅದು ಇನ್ನೊಂದು ಗುರುತು. ಮಗನ ಖಾತೆಯೂ ಪ್ರೈಮರಿ ಆಗಿದ್ದರೆ ಅವನ ಯೂಸರ್‌ನಲ್ಲಿಯೂ ಡಿಆಕ್ಟಿವೇಟ್ ಮಾಡಿ, ಇದು ಒಂದೊಂದು ಖಾತೆಗೂ ಪ್ರತ್ಯೇಕ.

ರಾಘವೇಂದ್ರ, ಮೈಸೂರು

ಬೀಗ ಬಂದಿದೆ. ಮಗನೇ ಬಂದು ‘ಅಪ್ಪ, ಆಟ ಲಾಕ್ ಆಗಿದೆ’ ಎಂದು ದೂರು ಕೊಟ್ಟ. ಅವನ ಖಾತೆಯನ್ನೂ ಡಿಆಕ್ಟಿವೇಟ್ ಮಾಡಿ, ಮೂರೂ ಯೂಸರ್‌ಗಳಲ್ಲಿ `Account Management` ಒಳಗಿನ `Sign Out` ಒತ್ತಿದ್ದಾಯಿತು. ಕಾರ್ಡಿನ ವಿವರ ಯಂತ್ರದಲ್ಲಿ ಉಳಿಯುತ್ತದೆಯೇ?

ಗಿರೀಶ್ ರಿಪೇರಿ

ಕಾರ್ಡು ಮತ್ತು ವಾಲೆಟ್ ಖಾತೆಯ ಜೊತೆಗೆ ಸರ್ವರ್‌ನಲ್ಲಿವೆ, ಯಂತ್ರದ ಜೊತೆ ಹೋಗುವುದಿಲ್ಲ. ಆದರೂ ಯಂತ್ರ ಹೋದ ಮೇಲೆ ಒಮ್ಮೆ ಪಾಸ್‌ವರ್ಡ್ ಬದಲಿಸುವುದು ಒಳ್ಳೆಯದು.

ಅಳಿಸುವ ಮುನ್ನ ಡ್ರೈವ್‌ನಲ್ಲಿ ಆಟದ ಡಿಸ್ಕ್ ಇದ್ದರೆ ಈಗಲೇ ತೆಗೆದುಬಿಡಿ. ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕ್ ಜೋಡಿಸಿದ್ದರೆ ಅದನ್ನೂ ಬಿಚ್ಚಿ. ಅದನ್ನು ಜೊತೆಗೇ ಮಾರುವುದಾದರೆ ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿ ಫಾರ್ಮ್ಯಾಟ್ ಮಾಡಿ.

ನಂತರ `Settings`, `Initialization`, `Initialize PS4`. ಅಲ್ಲಿ `Quick` ಮತ್ತು `Full` ಎಂದು ಎರಡು ಕೇಳುತ್ತದೆ. `Quick` ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಆದರೆ ಡೇಟಾವನ್ನು ಮೇಲ್ಮಟ್ಟದಲ್ಲಿ ಮಾತ್ರ ಅಳಿಸುತ್ತದೆ. `Full` ಇಡೀ ಡಿಸ್ಕಿನ ಮೇಲೆ ಬರೆದು ಅಳಿಸುತ್ತದೆ, ಆದ್ದರಿಂದಲೇ ಗಂಟೆಗಟ್ಟಲೆ ಹಿಡಿಯುತ್ತದೆ. ಮಾರುವುದಾದರೆ `Full`.

ವಿನಾಯಕ ಕಾಮತ್

ನಾನು ಇದನ್ನು ಒಪ್ಪುವುದಿಲ್ಲ. ಪಿಎಸ್4ನ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅದರ ಕೀಲಿ ಆಯಾ ಕನ್ಸೋಲ್‌ಗೇ ಸೀಮಿತ. ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಫಾರ್ಮ್ಯಾಟ್ ಆಗದ ಖಾಲಿ ಡಿಸ್ಕಿನಂತೆ ಕಾಣುತ್ತದೆಯೇ ಹೊರತು ಒಂದು ಫೈಲೂ ಕಾಣುವುದಿಲ್ಲ. ಹೀಗಿರುವಾಗ `Quick` ಸಾಕು. ಗಂಟೆಗಟ್ಟಲೆ ಹಳೆಯ ಡಿಸ್ಕನ್ನು ಸುಮ್ಮನೆ ದುಡಿಸುವುದರಲ್ಲಿ ಅರ್ಥವಿಲ್ಲ.

ಗಿರೀಶ್ ರಿಪೇರಿ

ಎನ್‌ಕ್ರಿಪ್ಟ್ ಆಗಿರುವುದು ನಿಜ, ಬಿಚ್ಚಿದ ಡಿಸ್ಕ್ ಕಂಪ್ಯೂಟರಿಗೆ ಖಾಲಿಯಂತೆ ಕಾಣುವುದನ್ನು ನಾನು ಅಂಗಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆದರೆ ನೀವು ಮಾರುತ್ತಿರುವುದು ಡಿಸ್ಕನ್ನು ಮಾತ್ರವಲ್ಲ, ಅದರ ಕೀಲಿ ಇರುವ ಯಂತ್ರವನ್ನೂ ಸೇರಿಸಿ. ಬೀಗ ಮತ್ತು ಬೀಗದ ಕೈ ಎರಡನ್ನೂ ಒಟ್ಟಿಗೇ ಕೊಟ್ಟ ಮೇಲೆ ಬೀಗದ ಬಲವನ್ನು ನೆಚ್ಚಿ ಕೂರುವುದು ನನಗೆ ಸರಿಯೆನಿಸುವುದಿಲ್ಲ. ತಯಾರಿಸಿದವರೇ ಎರಡು ಬಗೆ ಕೊಟ್ಟು ವ್ಯತ್ಯಾಸ ಬರೆದಿರುವಾಗ ಒಂದು ಮಧ್ಯಾಹ್ನ ಹೋದರೆ ಹೋಗಲಿ.

ಇನ್ನೊಂದು ಉಪಯೋಗವೂ ಇದೆ. `Full` ಇಡೀ ಡಿಸ್ಕಿನ ಮೇಲೆ ಹಾದು ಹೋಗುವುದರಿಂದ ಸಾಯುತ್ತಿರುವ ಡಿಸ್ಕ್ ಅಲ್ಲಿಯೇ ಗೊತ್ತಾಗಿಬಿಡುತ್ತದೆ. ಉಳಿದ ಸಮಯ ತೋರಿಸುವ ಅಂಕಿ ಇಳಿಯುವ ಬದಲು ಒಂದೇ ಕಡೆ ನಿಂತುಬಿಟ್ಟರೆ, ಒಳಗಿನಿಂದ ಕಟಕಟ ಸದ್ದು ಬಂದರೆ, ಡಿಸ್ಕ್ ಬದಲಿಸಿ ಮಾರುವುದು ಮರ್ಯಾದೆ. ಸ್ಲಿಮ್‌ನಲ್ಲಿರುವುದು ಲ್ಯಾಪ್‌ಟಾಪಿನ 2.5 ಇಂಚಿನ ಸಾಟಾ ಡಿಸ್ಕ್, ಹಿಂದಿನ ಮೂಲೆಯ ಮುಚ್ಚಳ ಸರಿಸಿ ಒಂದು ಸ್ಕ್ರೂ ಬಿಚ್ಚಿದರೆ ಈಚೆ ಬರುತ್ತದೆ.

ವಿನಾಯಕ ಕಾಮತ್

ಅದೇ ಯಂತ್ರದಲ್ಲಿಟ್ಟು `Quick` ನಂತರ ಯಾರಾದರೂ ಡೇಟಾ ಹಿಂದಕ್ಕೆ ತೆಗೆದದ್ದನ್ನು ನಾನು ಇದುವರೆಗೆ ಕಂಡಿಲ್ಲ. ಡಿಸ್ಕ್ ಪರೀಕ್ಷೆಗಾಗಿ `Full` ಮಾಡುವುದಾದರೆ ಸರಿ, ಗೌಪ್ಯತೆಗಾಗಿ ಬೇಕೆಂಬ ಮಾತಿಗೆ ನನ್ನ ಭಿನ್ನಾಭಿಪ್ರಾಯ ಹಾಗೆಯೇ ಇರಲಿ.

ಮಂಜುಳಾ, ಪುತ್ತೂರು

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಭರವಸೆಯೇ ಇಲ್ಲ. ಗಂಟೆಗಟ್ಟಲೆ ನಡೆಯುವ ಈ ಕೆಲಸದ ನಡುವೆ ಕರೆಂಟು ಹೋದರೆ ಯಂತ್ರ ಕೆಟ್ಟುಹೋಗುತ್ತದೆಯೇ?

ಗಿರೀಶ್ ರಿಪೇರಿ

ಕೆಟ್ಟುಹೋಗುವುದಿಲ್ಲ ಮಂಜುಳಾ ಅವರೇ, ಆದರೆ ಕೆಲಸ ಹೆಚ್ಚಾಗಬಹುದು. ಮನೆಯಲ್ಲಿ ಇನ್ವರ್ಟರ್ ಅಥವಾ ಕಂಪ್ಯೂಟರಿನ ಯುಪಿಎಸ್ ಇದ್ದರೆ ಯಂತ್ರವನ್ನು ಅದಕ್ಕೇ ಜೋಡಿಸಿ. ಟಿವಿ ಆರಿದರೂ ಪರವಾಗಿಲ್ಲ, ಕನ್ಸೋಲ್ ಆರಬಾರದು. ಆಕಸ್ಮಾತ್ ಅರ್ಧಕ್ಕೆ ನಿಂತರೆ ಮೊದಲು ಸೇಫ್ ಮೋಡ್‌ಗೆ ಹೋಗಿ 6ನೆಯದನ್ನು ಮತ್ತೆ ಮಾಡಿ ನೋಡಿ. ಯಂತ್ರ ಅಪ್‌ಡೇಟ್ ಫೈಲ್ ಇರುವ ಯುಎಸ್‌ಬಿ ಕೇಳುತ್ತಾ ನಿಂತುಬಿಟ್ಟರೆ 7ನೆಯದೇ ದಾರಿ. ಡಿಸ್ಕ್ ಬದಲಿಸಿದವರೂ ಇದನ್ನೇ ಮಾಡಬೇಕು, ಹೊಸ ಡಿಸ್ಕಿನಲ್ಲಿ ಸಿಸ್ಟಮ್ ಇರುವುದಿಲ್ಲ.

ಪ್ಲೇಸ್ಟೇಷನ್ ಜಾಲತಾಣದಲ್ಲಿ ಎರಡು ಬಗೆಯ ಫೈಲ್ ಇರುತ್ತವೆ. ಒಂದು ಮಾಮೂಲಿ ಅಪ್‌ಡೇಟಿಗೆ, ಇನ್ನೊಂದು ಮರುಸ್ಥಾಪನೆಗೆ. ನಿಮಗೆ ಬೇಕಾದದ್ದು ಎರಡನೆಯದು, ಅದರ ಗಾತ್ರ ಸುಮಾರು 1 ಜಿಬಿ. ಮೊದಲನೆಯದನ್ನು ಹಾಕಿಕೊಂಡು ‘ಫೈಲ್ ಸಿಗುತ್ತಿಲ್ಲ’ ಎಂದು ಅಂಗಡಿಗೆ ಬರುವವರು ಬಹಳ. ಪೆನ್ ಡ್ರೈವ್‌ನಲ್ಲಿ ಫೋಲ್ಡರ್‌ಗಳು ಹೀಗಿರಬೇಕು, ಎಲ್ಲವೂ ದೊಡ್ಡಕ್ಷರದಲ್ಲಿ:

```
PS4/UPDATE/PS4UPDATE.PUP
```

ಎರಡು ಸಲ ಡೌನ್‌ಲೋಡ್ ಮಾಡಿದರೆ ಕಂಪ್ಯೂಟರ್ ಫೈಲಿನ ಹೆಸರಿನ ಕೊನೆಗೆ 1 ಸೇರಿಸಿರುತ್ತದೆ. ಆ 1 ತೆಗೆಯದಿದ್ದರೆ ಯಂತ್ರ ಫೈಲನ್ನು ಗುರುತಿಸುವುದಿಲ್ಲ.

ರಾಘವೇಂದ್ರ, ಮೈಸೂರು

ಇಲ್ಲಿ ಇನ್ವರ್ಟರ್ ಇದೆ. ಊಟವಾದ ಮೇಲೆ `Full` ಒತ್ತಿದೆ, ಕಾಫಿಯ ಹೊತ್ತು ದಾಟಿದ ಮೇಲೆ ಮುಗಿಯಿತು, ಉಳಿದ ಸಮಯವೂ ಸರಿಯಾಗಿಯೇ ಇಳಿಯುತ್ತಾ ಹೋಯಿತು. ಈಗ ಕಂಟ್ರೋಲರನ್ನು ಯುಎಸ್‌ಬಿ ಮೂಲಕ ಜೋಡಿಸಿ ಎಂಬ ಸೂಚನೆ ಪರದೆಯಲ್ಲಿದೆ. ಇಲ್ಲಿಗೇ ನಿಲ್ಲಿಸಲೇ? ಕೊಳ್ಳುವವರು ಯಂತ್ರ ನಡೆಯುವುದನ್ನು ನೋಡಬೇಕು ಎನ್ನುತ್ತಿದ್ದಾರೆ, ಅದಕ್ಕಾಗಿ ಮತ್ತೆ ನನ್ನ ಖಾತೆ ಹಾಕಬೇಕೇ?

ವಿನಾಯಕ ಕಾಮತ್

ಖಾತೆ ಹಾಕಿ ತೋರಿಸಿ, ಅವರು ಹೋಗುವಾಗ ಮತ್ತೆ ಅಳಿಸಿ. ಕೊಳ್ಳುವವರಿಗೂ ನಂಬಿಕೆ ಬರುತ್ತದೆ.

ಗಿರೀಶ್ ರಿಪೇರಿ

ನಿಮ್ಮ ಖಾತೆಯನ್ನು ಮತ್ತೆ ಹಾಕಬೇಡಿ. ಹಾಕಿದರೆ ಪ್ರೈಮರಿಯಾಗಿ ಆಕ್ಟಿವೇಟ್ ಆಗಿದೆಯೇ ಇಲ್ಲವೇ ಎಂದು ಮತ್ತೆ ಮೊದಲಿನಿಂದ ನೋಡಬೇಕಾಗುತ್ತದೆ, ಮಾಡಿದ್ದನ್ನೇ ಮತ್ತೆ ಮಾಡಿದ ಹಾಗಾಗುತ್ತದೆ. ಈಗ ಪವರ್ ಗುಂಡಿಯನ್ನು ಎರಡನೆಯ ಬೀಪ್ ಬರುವವರೆಗೆ ಒತ್ತಿ ಹಿಡಿದು ಆಫ್ ಮಾಡಿಬಿಡಿ.

ಭಾನುವಾರ ಅವರೆದುರಿಗೇ ಆನ್ ಮಾಡಿ. ಸೆಟಪ್‌ನಲ್ಲಿ ಭಾಷೆ ಆರಿಸಿ, ಪಿಎಸ್‌ಎನ್ ಹಂತವನ್ನು ದಾಟಿ, ಅವರ ಹೆಸರಿನಲ್ಲಿಯೇ ಒಂದು ಯೂಸರ್ ಮಾಡಿಸಿ. ಡಿಸ್ಕಿನ ಆಟವೊಂದನ್ನು ಹಾಕಿ ತೋರಿಸಿದರೆ ಡ್ರೈವ್, ಫ್ಯಾನ್, ಎಚ್‌ಡಿಎಂಐ, ಕಂಟ್ರೋಲರ್ ಎಲ್ಲದರ ಪರೀಕ್ಷೆಯೂ ಒಟ್ಟಿಗೇ ಆಗುತ್ತದೆ. ಆಟ ಡಿಸ್ಕಿನಿಂದ ಕಾಪಿಯಾಗಲು ಸ್ವಲ್ಪ ಹೊತ್ತು ಬೇಕು, ಆದ್ದರಿಂದ ಬಂದ ಕೂಡಲೇ ಡಿಸ್ಕ್ ಹಾಕಿ, ಮಾತುಕತೆ ಆಮೇಲೆ ಇಟ್ಟುಕೊಳ್ಳಿ. ಅವರು ಫೋನಿನ ಹಾಟ್‌ಸ್ಪಾಟ್‌ನಿಂದ ತಮ್ಮ ಪಿಎಸ್‌ಎನ್ ಖಾತೆ ಹಾಕಿ ಸೈನ್ ಇನ್ ಆಗುತ್ತದೆಯೇ ಎಂದು ನೋಡಿಕೊಂಡರೆ ಇನ್ನೂ ಒಳ್ಳೆಯದು, ಆನ್‌ಲೈನ್‌ನಿಂದ ನಿಷೇಧಕ್ಕೊಳಗಾದ ಯಂತ್ರವಲ್ಲ ಎಂಬುದು ಅಲ್ಲಿಯೇ ಖಾತ್ರಿಯಾಗುತ್ತದೆ. ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಮತ್ತೆ ಅದರೊಳಗೆ ಹಾಕಬೇಕಿಲ್ಲ.

ರಾಘವೇಂದ್ರ, ಮೈಸೂರು

ಹಾಗೆಯೇ ಮಾಡುತ್ತೇನೆ. ಎರಡು ಕಂಟ್ರೋಲರ್‌ಗಳಲ್ಲಿ ಒಂದನ್ನು ನಾವೇ ಇಟ್ಟುಕೊಳ್ಳುತ್ತಿದ್ದೇವೆ, ಕಂಪ್ಯೂಟರಿಗೆ ಬಳಸಬೇಕೆಂದಿದ್ದೇನೆ. ಅದು ಹಳೆಯ ಯಂತ್ರವನ್ನೇ ಹುಡುಕುತ್ತಿರುತ್ತದೆಯೇ?

ಗಿರೀಶ್ ರಿಪೇರಿ

ಅದರ ಹಿಂಬದಿಯಲ್ಲಿ, L2 ಗುಂಡಿಯ ಹತ್ತಿರ ಸಣ್ಣ ತೂತು ಇದೆ. ಕನ್ಸೋಲ್ ಆಫ್ ಇರುವಾಗ ಪಿನ್ನಿನಿಂದ ಒಳಗಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿದರೆ ಹಳೆಯ ಜೋಡಣೆ ಅಳಿಯುತ್ತದೆ. ಆಮೇಲೆ SHARE ಮತ್ತು ಪಿಎಸ್ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ದೀಪ ಬೇಗ ಬೇಗ ಮಿನುಗುತ್ತದೆ, ಆಗ ಕಂಪ್ಯೂಟರಿನ ಬ್ಲೂಟೂತ್‌ನಲ್ಲಿ ಜೋಡಿಸಿಕೊಳ್ಳಿ.

ರಾಘವೇಂದ್ರ, ಮೈಸೂರು

ಆಯಿತು. ಪಿಎಸ್5 ಬಂದ ಮೇಲೆ ಭಾವಮೈದುನನ ಕೆರಿಯರ್ ಪೆನ್ ಡ್ರೈವ್‌ನಿಂದ ಬಂತೋ ಇಲ್ಲವೋ ಎಂದು ಇಲ್ಲಿಯೇ ಬರೆಯುತ್ತೇನೆ, ಅಲ್ಲಿಯವರೆಗೆ ಆ ಡ್ರೈವ್ ನನ್ನ ಬೀರುವಿನಲ್ಲಿರುತ್ತದೆ.

ಅಭಿಷೇಕ್ ಎಂ.

ಬರೆಯಿರಿ ಸಾರ್. ಅಂದ ಹಾಗೆ, ನನ್ನ ಹಳೆಯ ಯಂತ್ರದ ವಿಚಾರ ಈಗಷ್ಟೇ ವೆಬ್‌ಸೈಟಿನಲ್ಲಿ ನೋಡಿದೆ, ನನ್ನ ಪ್ರೈಮರಿ ಪಿಎಸ್4 ಇನ್ನೂ ಆಕ್ಟಿವ್ ಎಂದೇ ತೋರಿಸುತ್ತಿದೆ.